ಫೈಲ್ ಕೊಟ್ಟುಬಿಡಿ, ಬಿಲ್ ಬಿಡಬೇಡಿ

ತಿಂಗಳಿಗೆ 60,000 ರೂಪಾಯಿಯ ಸಲಹಾ ಒಪ್ಪಂದ, 30 ದಿನದ ನೋಟಿಸ್. ಕಂಪನಿ ಆಗಸ್ಟ್ 13ರಂದು ನೋಟಿಸ್ ಕೊಟ್ಟರೆ ಸೆಪ್ಟೆಂಬರ್ 12ಕ್ಕೆ ಕೆಲಸ ಮುಗಿಯಿತು. ಸಲಹೆಗಾರರಿಗೆ ಜಿಎಸ್‌ಟಿ ನೋಂದಣಿ ಇದ್ದರೆ, ಸೇವೆ ಅರ್ಧಕ್ಕೆ ನಿಂತಾಗಲೇ ಅದುವರೆಗಿನ ಕೆಲಸಕ್ಕೆ ಇನ್‌ವಾಯ್ಸ್ ಕೊಡಬೇಕು ಅನ್ನುತ್ತದೆ ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 31(6). ಸೆಪ್ಟೆಂಬರ್‌ನ 12 ದಿನಕ್ಕೆ 24,000, ಶೇ. 18ರಂತೆ ತೆರಿಗೆ 4,320, ಒಟ್ಟು 28,320 ರೂಪಾಯಿ. ಕಂಪನಿ 'ಬಿಲ್ ಕಳಿಸಿ' ಅನ್ನಲಿ ಎಂದು ಕಾಯಬೇಕಿಲ್ಲ.

'ದುಡ್ಡು ಬರೋವರೆಗೂ ಫೈಲ್ ಕೊಡಲ್ಲ, ನಮ್ಮ ಕೈಲಿರೋದು ಅದೊಂದೇ' ಅನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ ಗೋಪ್ಯ ಮಾಹಿತಿ ಹಿಂದಿರುಗಿಸುವ ಷರತ್ತು ಸಾಮಾನ್ಯವಾಗಿ ಹಣ ಬಂತೇ ಎಂದು ನೋಡುವುದಿಲ್ಲ. ಗ್ರಾಹಕರ ಪಟ್ಟಿ ಹಿಡಿದಿಟ್ಟರೆ ಬಾಕಿ ಉಳಿಸಿಕೊಂಡ ಕಂಪನಿಯೇ ನಿಮ್ಮ ಮೇಲೆ ದೂರು ತರಬಹುದು. ಹಾಗಾಗಿ ಲ್ಯಾಪ್‌ಟಾಪ್, ಡ್ರೈವ್ ಫೋಲ್ಡರ್, ಎಲ್ಲರೂ ಮರೆಯುವ ವಾಟ್ಸಾಪ್‌ನ ಎಕ್ಸೆಲ್ ಶೀಟು, ಎಲ್ಲವನ್ನೂ ಪಟ್ಟಿ ಮಾಡಿ ಕೊಟ್ಟು, 'ತಲುಪಿತು' ಎಂಬ ಇಮೇಲ್ ಪಡೆಯಿರಿ. ಒಪ್ಪಂದ, ಬಿಲ್ಲು, ಕೆಲಸದ ಲೆಕ್ಕ ಮಾತ್ರ ನಿಮ್ಮ ಬಳಿ ಇರಲಿ. ದುಡ್ಡಿಗೆ ಬೇರೆ ದಾರಿಯಿದೆ: ಕೆಲಸಕ್ಕೆ ಮೊದಲೇ ಉದ್ಯಮ್ ನೋಂದಣಿ ಆಗಿದ್ದರೆ, ಒಪ್ಪಂದದಲ್ಲಿ ಏನೇ ಬರೆದಿರಲಿ, ಪಾವತಿಗೆ 45 ದಿನಕ್ಕಿಂತ ಹೆಚ್ಚು ಗಡುವಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು.