ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತೆನ್ನುವ ಹಿರಿಯರ ಊಟ



ಅಕ್ಕಲಕೋಟೆ ಕಡೆಯ ನಮ್ಮ ಸದಸ್ಯರೊಬ್ಬರ ತಾಯಿಗೆ 82 ವರ್ಷ. ಐದು ತಿಂಗಳಲ್ಲಿ ಅವರ ತೂಕ 44 ಕಿಲೋದಿಂದ 40ಕ್ಕೆ ಇಳಿದಿತ್ತು. ತಟ್ಟೆಯ ಮುಂದೆ ಕೂತರೆ ನಾಲ್ಕು ತುತ್ತಿಗೇ "ಸಾಕೋ ತಮ್ಮಾ, ಹೊಟ್ಟಿ ತುಂಬ್ತು" ಎನ್ನುತ್ತಿದ್ದರು. ಮನೆಯವರು ಇದನ್ನು ಹಟವೆಂದುಕೊಂಡು ಗದರಿಸಿ ತಿನ್ನಿಸುತ್ತಿದ್ದರು. ಆದರೆ ಆ ತಾಯಿ ಹೇಳುತ್ತಿದ್ದುದು ನಿಜವೇ ಆಗಿತ್ತು.

ಅನ್ನ ಒಳಗೆ ಹೋದಂತೆ ಜಠರದ ಮೇಲ್ಭಾಗ ಸಡಿಲಗೊಂಡು ಜಾಗ ಮಾಡಿಕೊಡಬೇಕು. ವಯಸ್ಸಾದಂತೆ ಈ ಸಡಿಲಿಕೆ ಕಡಿಮೆಯಾಗುತ್ತದೆ. ತಿಂದದ್ದು ಕೆಳಗಿಳಿಯುವುದೂ ನಿಧಾನವಾಗುತ್ತದೆ. ಹೀಗಾಗಿ ಬೆಳಗಿನ ತಿಂಡಿಯೇ ಮಧ್ಯಾಹ್ನದವರೆಗೆ ಹೊಟ್ಟೆಯಲ್ಲಿ ಕೂತಂತಿರುತ್ತದೆ. ಇದರ ಜೊತೆಗೆ ವಾಸನೆ, ರುಚಿ ಮಂದವಾಗಿರುತ್ತವೆ. ಮಲಬದ್ಧತೆ, ಸಡಿಲವಾದ ಹಲ್ಲಿನ ಸೆಟ್ಟು, ಮನಸ್ಸಿನ ಬೇಸರ, ಕಬ್ಬಿಣದ ಮಾತ್ರೆ ಅಥವಾ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಸಹ ಹಸಿವನ್ನು ಕೊಲ್ಲಬಲ್ಲವು. ಆದ್ದರಿಂದ ಮೊದಲ ಕೆಲಸವೆಂದರೆ ಅವರು ನುಂಗುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸುವುದು. ನಾವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು.

ಹೊಟ್ಟೆಯಲ್ಲಿ ಜಾಗ ಕಡಿಮೆಯೆಂದರೆ ಆ ಜಾಗವನ್ನು ನೀರಿನಿಂದ ತುಂಬಬಾರದು. ಆ ಮನೆಯಲ್ಲಿ ಊಟಕ್ಕೆ ಮೊದಲು ಒಂದು ಚರಿಗೆ ನೀರು, ಆಮೇಲೆ ತೆಳ್ಳನೆಯ ಸಾರು, ಆಮೇಲೆ ಅನ್ನ ಎಂಬ ಕ್ರಮವಿತ್ತು. ಅನ್ನ ಬರುವಷ್ಟರಲ್ಲಿ ಹೊಟ್ಟೆ ತುಂಬಿರುತ್ತಿತ್ತು. ಈಗ ನೀರನ್ನು ಊಟಗಳ ನಡುವೆ ಕೊಡುತ್ತಾರೆ. ಮೂರು ಊಟದ ಬದಲು ಎರಡೂವರೆ ಮೂರು ತಾಸಿಗೊಮ್ಮೆ, ದಿನಕ್ಕೆ ಆರು ಸಲ, ಸಣ್ಣ ಬಟ್ಟಲಲ್ಲಿ ಉಣಿಸುತ್ತಾರೆ. ಬೆಳಿಗ್ಗೆ ಹಸಿವು ಸ್ವಲ್ಪ ಚೆನ್ನಾಗಿರುವುದರಿಂದ ಆಗಿನ ಬಟ್ಟಲೇ ದೊಡ್ಡದು.

ಎರಡನೆಯದು, ಬಟ್ಟಲು ಸಣ್ಣದಾದರೂ ಅದರೊಳಗಿನ ಶಕ್ತಿ ಹೆಚ್ಚಬೇಕು. ಒಂದು ಬಟ್ಟಲು ತೆಳುವಾದ ಜೋಳದ ನುಚ್ಚಿನಲ್ಲಿ ಸುಮಾರು 80 ಕ್ಯಾಲರಿ ಇರುತ್ತದೆ. ಅದಕ್ಕೆ ಒಂದು ಚಹಾ ಚಮಚ ತುಪ್ಪ ಬೆರೆಸಿದರೆ 45, ಎರಡು ದೊಡ್ಡ ಚಮಚ ಕೆನೆಸಹಿತ ಹಾಲಿನ ಪುಡಿ ಹಾಕಿದರೆ 75, ಹುರಿದು ಹಿಟ್ಟಿನಂತೆ ನುಣ್ಣಗೆ ಮಾಡಿದ ಶೇಂಗಾ ಪುಡಿ ಒಂದು ದೊಡ್ಡ ಚಮಚ ಹಾಕಿದರೆ 55 ಸೇರಿ, ಒಟ್ಟು 250ರ ಹತ್ತಿರ ಬರುತ್ತದೆ. ಬಟ್ಟಲು ಹೆಚ್ಚುಕಡಿಮೆ ಅಷ್ಟೇ, ಶಕ್ತಿ ಮೂರು ಪಟ್ಟು. ಕಾಸರಗೋಡಿನವರು ಗಂಜಿಗೆ, ಹೊಸೂರಿನವರು ರಾಗಿ ಅಂಬಲಿಗೆ ಇದೇ ರೀತಿ ಮಾಡಬಹುದು. ತುಪ್ಪ ಒಳ್ಳೆಯದೆಂದು ಸುರಿಯಬಾರದು. ಕೊಬ್ಬು ಹೆಚ್ಚಾದರೆ ಜಠರ ಇನ್ನೂ ನಿಧಾನವಾಗಿ ಖಾಲಿಯಾಗಿ, ಮುಂದಿನ ಊಟವೇ ತಪ್ಪುತ್ತದೆ.

ಮೂರನೆಯದು ನುಂಗುವ ವಿಷಯ. ಆ ತಾಯಿ ನೀರು ಕುಡಿದಾಗ ಕೆಮ್ಮುತ್ತಿದ್ದರು. ನಮ್ಮಲ್ಲಿ ತಲೆ ಹಿಂದಕ್ಕೆ ಬಾಗಿಸಿ ಮೇಲಿಂದ ನೀರು ಸುರಿದುಕೊಳ್ಳುವ ರೂಢಿಯಿದೆ. ನುಂಗುವ ಶಕ್ತಿ ಕುಂದಿದವರಿಗೆ ಇದು ಅಪಾಯ, ಏಕೆಂದರೆ ನೀರು ಶ್ವಾಸನಾಳಕ್ಕೆ ಜಾರುತ್ತದೆ. ಅಗಲ ಬಾಯಿಯ ಕಪ್ಪಿನಲ್ಲಿ, ಗದ್ದ ಮೇಲೆತ್ತದೆ, ಗುಟುಕು ಗುಟುಕಾಗಿ ಕುಡಿಯಬೇಕು. ಮಲಗಿಸಿ ಉಣಿಸಬಾರದು. ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ಕೊಟ್ಟು, ಒಂದು ತುತ್ತು ನುಂಗಿದ್ದನ್ನು ನೋಡಿಯೇ ಇನ್ನೊಂದು ಕೊಡಬೇಕು. ಊಟವಾದ ಮೇಲೂ ಅರ್ಧ ತಾಸು ಕೂತಿರಲಿ. ಒಣ ರೊಟ್ಟಿ, ಚುರುಮುರಿ ಬೇಡ. ತೆಳು ಹಾಲಿನಲ್ಲಿ ತೇಲುವ ಅವಲಕ್ಕಿಯೂ ಕಷ್ಟ, ಹಾಲು ಮೊದಲು ಜಾರಿ ಅವಲಕ್ಕಿ ಬಾಯಲ್ಲೇ ಉಳಿಯುತ್ತದೆ. ಒಂದೇ ಹದದಲ್ಲಿ ಮೆತ್ತಗಿರುವ, ಗಂಟಿಲ್ಲದ ಆಹಾರ ಸಲೀಸು.

ಉಣ್ಣುವಾಗ ಪದೇ ಪದೇ ಕೆಮ್ಮು, ಊಟದ ನಂತರ ಗಂಟಲಲ್ಲಿ ನೀರಾಡುವಂಥ ಧ್ವನಿ, ಮತ್ತೆ ಮತ್ತೆ ಬರುವ ಕಫ ಮತ್ತು ಜ್ವರ, ಇವು ಆಹಾರ ಶ್ವಾಸಕೋಶಕ್ಕೆ ಹೋಗುತ್ತಿರಬಹುದೆಂಬ ಗುರುತು. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಇಂಥವರನ್ನು ವೈದ್ಯರಿಗೆ ತೋರಿಸಲೇಬೇಕು. ಒಂದು ತಿಂಗಳಲ್ಲಿ ತೂಕ ನೂರಕ್ಕೆ 5ರಷ್ಟು ಅಥವಾ ಆರು ತಿಂಗಳಲ್ಲಿ 10ರಷ್ಟು ಇಳಿದರೂ ತಡಮಾಡಬಾರದು. ಐದಾರು ದಿನ ಏನೂ ತಿನ್ನದೆ ಇದ್ದವರಿಗೆ ಒಮ್ಮೆಲೇ ಹೆಚ್ಚು ಉಣಿಸುವುದೂ ಅಪಾಯ, ವೈದ್ಯರ ಎದುರೇ ಆರಂಭವಾಗಲಿ. ಸಕ್ಕರೆ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ಮೇಲಿನ ಬಟ್ಟಲನ್ನು ಅವರನ್ನು ಕೇಳಿಯೇ ಮಾಡಬೇಕು.

ಆ ಮನೆಯಲ್ಲಿ ವಾರಕ್ಕೊಮ್ಮೆ, ಅದೇ ಕಾಟಾದಲ್ಲಿ, ಬೆಳಿಗ್ಗೆಯೇ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಮೊದಲ ಮೂರು ವಾರ 40ರಲ್ಲೇ ನಿಂತಿತು, ಎರಡು ತಿಂಗಳಿಗೆ 41 ಆಯಿತು. ಇಳಿಯುವುದು ನಿಂತದ್ದೇ ಮೊದಲ ಗೆಲುವು ಎಂದರು ವೈದ್ಯರು. ಕೊನೆಯ ದಿನಗಳಲ್ಲಿರುವ ಹಿರಿಯರಿಗೆ ಮಾತ್ರ ಈ ಲೆಕ್ಕ ಹಿಡಿಯಬೇಡಿ. ಆಗ ದೇಹವೇ ಅನ್ನ ಬೇಡವೆನ್ನುತ್ತದೆ. ಬಾಯಿ ಒದ್ದೆ ಮಾಡಿ, ಕೇಳಿದ ಒಂದು ಚಮಚ ಕೊಟ್ಟರೆ ಸಾಕು, ಒತ್ತಾಯ ಬೇಡ.

– ಕಾರ್ಯದರ್ಶಿ