ಮಿರಗಕ್ಕೆ ಮೊದಲು ಮಾಳಿಗೆಗೆ ಸವಳು

ಲೋಕಾಪುರ, ಮುಧೋಳ ಸೀಮೆಯ ಹಳೆಯ ಮಣ್ಣಿನ ಮಾಳಿಗೆಗಳಿಗೆ ಮಳೆಗಾಲದ ಸಿದ್ಧತೆ ಭರಣಿ ಮಳೆಯ ಹೊತ್ತಿಗೆ, ಅಂದರೆ ಏಪ್ರಿಲ್ ಕೊನೆಗೇ ಶುರುವಾಗಬೇಕು. ಮಟಮಟ ಮಧ್ಯಾಹ್ನ ಬಾಗಿಲು, ಬೆಳಕಿಂಡಿ ಮುಚ್ಚಿ ಒಳಗೆ ನಿಂತು ಮೇಲೆ ನೋಡಿ. ಎಲ್ಲಾದರೂ ಬೆಳಕಿನ ಎಳೆ ಕಂಡರೆ ಅಲ್ಲೊಂದು ಇಲಿ ತೂತು ಇದೆ ಎಂದರ್ಥ. ಜಂತಿಯ ಮೇಲೆ ಕಂದು ಕಲೆಯಿದ್ದರೆ ಅಲ್ಲಿ ಚಾಕುವಿನ ಮೊನೆ ಒತ್ತಿ ನೋಡಬೇಕು. ಮೊನೆ ಸಲೀಸಾಗಿ ಇಳಿದರೆ ಕಟ್ಟಿಗೆ ಕೊಳೆತಿದೆ. ಅದನ್ನು ಬದಲಿಸುವವರೆಗೆ ಮೇಲೆ ಒಂದು ಬುಟ್ಟಿ ಮಣ್ಣನ್ನೂ ಹಾಕಬಾರದು.

ಮುಂದಿನ ಕೆಲಸ ಸವಳು ತರುವುದು. ನಮ್ಮ ಎರೆಮಣ್ಣು ಬಿಸಿಲಿಗೆ ಬಿರಿಯುತ್ತದೆ, ಮೊದಲ ಮಳೆ ಆ ಬಿರುಕಿನಲ್ಲೇ ಇಳಿಯುತ್ತದೆ. ಸವಳಿನ ಗುಣ ಬೇರೆ. ಅದರಲ್ಲಿರುವ ಸೋಡಿಯಂನಿಂದಾಗಿ ಜೇಡಿಯ ಕಣಗಳು ನೀರು ತಾಕಿದ ಕೂಡಲೇ ಬಿಡಿಬಿಡಿಯಾಗಿ, ಸಂದುಗಳಲ್ಲಿ ಕೂತು ಅವನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ಬೆಳೆ ಕೆಡಿಸುವ ಗುಣವೇ ಮಾಳಿಗೆಯನ್ನು ಕಾಯುತ್ತದೆ. ಆದರೆ ಬೆಳ್ಳಗೆ ಉಪ್ಪೇರಿದ ಮಣ್ಣೆಲ್ಲ ಸವಳಲ್ಲ. ಒಣಗಿದ ಒಂದು ಸಣ್ಣ ಹೆಂಟೆಯನ್ನು ಗಾಜಿನ ಲೋಟದ ನೀರಿಗೆ ಬಿಟ್ಟು, ಅಲುಗಾಡಿಸದೆ ಹತ್ತು ನಿಮಿಷ ನೋಡಿ. ಹೆಂಟೆಯ ಸುತ್ತ ಹಾಲಿನಂತೆ ಕದಡು ಹಬ್ಬಿದರೆ ಒಳ್ಳೆಯ ಸವಳು. ಬರೀ ಕುಸಿದು ಗುಡ್ಡೆಯಾಗಿ, ನೀರು ತಿಳಿಯಾಗಿಯೇ ಉಳಿದರೆ ಬೇಡ. ಈ ಪರೀಕ್ಷೆಗೆ ಮಳೆನೀರು ಇಲ್ಲವೇ ಶುದ್ಧೀಕರಣ ಘಟಕದ ನೀರು ಬೇಕು. ಬೋರಿನ ಗಡಸು ನೀರಿನಲ್ಲಿ ಒಳ್ಳೆಯ ಸವಳೂ ಕದಡದೆ ಮೋಸ ಮಾಡಬಹುದು.

ಎಲ್ಲರೂ ತಪ್ಪುವುದು ಭಾರದ ಲೆಕ್ಕದಲ್ಲಿ. 10 ಅಡಿಗೆ 12 ಅಡಿಯ ಕೋಣೆಯ ಮೇಲೆ ಒಂದಿಂಚು ಮಣ್ಣೆಂದರೆ 10 ಘನ ಅಡಿ, ಒಣಗಿದ್ದಾಗಲೇ ಸುಮಾರು 450 ಕಿಲೋ. ವರ್ಷಕ್ಕೊಂದಿಂಚು ಏರಿಸುತ್ತ ಹೋದರೆ ಹತ್ತು ವರ್ಷಕ್ಕೆ ನಾಲ್ಕೂವರೆ ಟನ್. ನೆನೆದರೆ ಇನ್ನೂ ಹೆಚ್ಚು. ಜಡಿಮಳೆಯಲ್ಲಿ ಜಂತಿ ಮುರಿಯುವುದಕ್ಕೆ ಇದೊಂದು ದೊಡ್ಡ ಕಾರಣ. ಆದ್ದರಿಂದ ಕಸವನ್ನು ಬೇರುಸಹಿತ ಕಿತ್ತು, ಸಡಿಲಾದ ಹಳೆ ಮಣ್ಣು ಎಷ್ಟು ಕೆರೆದಿರೋ ಅಷ್ಟೇ ಹೊಸದನ್ನು ಹಾಕಿ, ದಮ್ಮಸ್ಸು ಮಾಡಿ, ನೀರು ಹೋಗುವ ದೋಣಿಯ ಕಡೆಗೆ ಇಳಿಜಾರು ಕೊಡಬೇಕು. ಮಣ್ಣಿನ ಮೇಲೆ ಸಿಮೆಂಟ್ ಗಿಲಾವು ಹಾಕಿಸುವುದು ನನಗೆ ಸರಿಕಾಣುವುದಿಲ್ಲ. ಕೆಳಗಿನ ಮಣ್ಣು ಹಿಗ್ಗಿ ಕುಗ್ಗಿದಂತೆ ಗಿಲಾವು ಸೀಳುತ್ತದೆ, ಒಳಹೊಕ್ಕ ನೀರು ಆರಲು ದಾರಿಯಿಲ್ಲದೆ ಜಂತಿಯನ್ನು ಕೊಳೆಸುತ್ತದೆ.

ಮೇ ತಿಂಗಳ ಅಡ್ಡಮಳೆ ಬಂದರೆ ಪುಕ್ಕಟೆ ಪರೀಕ್ಷೆ. ಸೋರಿದ ಜಾಗಕ್ಕೆ ಕೆಳಗಿನಿಂದ ಸುಣ್ಣದ ಗುರುತು ಹಾಕಿಡಿ. ನೀರು ಮೇಲೆ ಬೇರೆಡೆ ಹೊಕ್ಕು ಹಲಗೆಗುಂಟ ಹರಿದು ಬರುವುದರಿಂದ, ಗುರುತಿನ ಸುತ್ತ ಎರಡು ಮೊಳದಷ್ಟಾದರೂ ಹುಡುಕಬೇಕು. ದೋಣಿಯ ಬುಡದಲ್ಲಿ ಗೋಡೆಗೂ ಮಣ್ಣಿಗೂ ನಡುವೆ ಬಿರುಕಿದ್ದರೆ ಸವಳನ್ನೇ ಕಲಸಿ ಮೆತ್ತಿ. ದೋಣಿಯ ನೀರು ಗೋಡೆಯ ಬುಡಕ್ಕಲ್ಲ, ಗಟಾರಿಗೆ ಬೀಳಬೇಕು.

ಮಾಳಿಗೆ ಮುಗಿದ ಮೇಲೆ ಕಾಳಿನ ಸರದಿ. ರೋಹಿಣಿ ಮಳೆಯ ಹೊತ್ತಿನ ಬಿಸಿಲಲ್ಲಿ ಜೋಳ ಒಣಗಿಸಿ. ಹಲ್ಲಿಗೆ ಕಟ್ಟೆಂದು ಒಡೆದರೆ ಸಾಕು. ಆರಿದ ಮೇಲೆಯೇ ಚೀಲ ತುಂಬಬೇಕು, ಬಿಸಿ ಕಾಳು ಚೀಲದೊಳಗೆ ಬೆವರುತ್ತದೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ. ಬೆಳಕಿಂಡಿಯ ಕೆಳಗೆ ಮಾತ್ರ ಬೇಡ.