ಮಗು ತಲೆಯನ್ನೇಕೆ ಬಡಿದುಕೊಳ್ಳುತ್ತದೆ?

ಅರಸೀಕೆರೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ರಾತ್ರಿ ದೀಪವಾರಿದೊಡನೆ 14 ತಿಂಗಳ ಮಗುವು ಹಿಂದುಮುಂದಾಗಿ ತೂಗತೊಡಗಿ, ಹಣೆಯನ್ನು ಗೋಡೆಗೆ ಲಯಬದ್ಧವಾಗಿ ಬಡಿಯುತ್ತದೆ. ಅಜ್ಜಿ ದೃಷ್ಟಿ ತಗುಲಿತೆನ್ನುತ್ತಾಳೆ. ತಾಯಿ ಮಿದುಳಿಗೆ ಪೆಟ್ಟಾದೀತೆಂದು ಅಂಜುತ್ತಾಳೆ.

ನಮ್ಮ ಒಳಕಿವಿಯಲ್ಲಿ ದೇಹದ ಸಮತೋಲವನ್ನು ಅರಿಯುವ ಅಂಗವೊಂದುಂಟು. ತೊಟ್ಟಿಲಿನ ತೂಗಾಟವು ನಿದ್ದೆ ತರುವುದು ಬಹುಮಟ್ಟಿಗೆ ಇದರ ಮೂಲಕವೇ. ತೊಟ್ಟಿಲು ಬಿಟ್ಟ ಮಗು ಅದೇ ಲಯವನ್ನು ತನ್ನ ಮೈಯಿಂದ ಪಡೆಯುತ್ತದೆಂದು ತಜ್ಞರು ಭಾವಿಸುತ್ತಾರೆ. ಕೂದಲನ್ನು ಬೆರಳಿಗೆ ಸುತ್ತಿಕೊಳ್ಳುವುದೂ ಇಂತಹುದೇ ಒಂದು ಸಮಾಧಾನ. ತೂಗಾಟ, ಬಡಿತಗಳು ಸಾಮಾನ್ಯವಾಗಿ ಮೊದಲ ವರ್ಷದಲ್ಲಿಯೇ ತೋರಿ, ಬಹುತೇಕ ಮಕ್ಕಳಲ್ಲಿ 3-4 ವರ್ಷದೊಳಗೆ ತಾವಾಗಿಯೇ ಅಡಗುತ್ತವೆ.

ಚಿಂತಿಸಬೇಕಾದುದು ಯಾವಾಗ? ಇರುಳಿನ ಬಡಿತಗಳನ್ನು ಎಣಿಸುವುದಕ್ಕಿಂತ ಹಗಲಿನ ಮಗುವನ್ನು ನೋಡಬೇಕು. ನಮ್ಮ ಮಗು ಹೆಸರು ಕೂಗಿದರೆ ತಿರುಗುತ್ತದೆ. ರೈಲನ್ನು ಕಂಡರೆ ಬೆರಳು ತೋರುತ್ತದೆ. ಎತ್ತಿಕೊಂಡರೆ ತೂಗಾಟ ನಿಲ್ಲಿಸಿ ನಗುತ್ತದೆ. ಹಾಸಿಗೆಯನ್ನು ಗೋಡೆಯಿಂದ ದೂರ ಸರಿಸಿದರೆ ಸಾಕು.

ಅದಕ್ಕೆ ಬದಲಾಗಿ, ಮಗು ಆಟವನ್ನೇ ತೊರೆದು ಹಗಲೆಲ್ಲ ತೂಗುತ್ತಿದ್ದರೆ, ಕರೆಗೆ ಓಗೊಡದಿದ್ದರೆ, ಕಲಿತ ಮಾತನ್ನು ಮರೆತರೆ ಅಥವಾ ಗಾಯ ಮಾಡಿಕೊಂಡರೆ ಪರೀಕ್ಷೆ ಅವಶ್ಯಕ. ಜ್ವರದೊಡನೆ ಬಡಿತವು ಹೊಸದಾಗಿ ತೊಡಗಿದರೆ ಕಿವಿನೋವಿರಬಹುದು. ಎತ್ತಿಕೊಂಡರೂ ಚಲನೆ ನಿಲ್ಲದೆ ನೋಟ ಶೂನ್ಯವಾಗಿದ್ದರೆ ಅಪಸ್ಮಾರವನ್ನು ಶಂಕಿಸಬೇಕು. ಕಿತ್ತ ಕೂದಲನ್ನು ನುಂಗುವ ಮಗುವಿನ ಜಠರದಲ್ಲಿ ಅದು ಉಂಡೆಗಟ್ಟುವುದುಂಟು. ಚಲನೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಮಕ್ಕಳ ವೈದ್ಯರಿಗೆ ತೋರಿಸುವುದು ಲೇಸು. ಶ್ರವಣ ಮತ್ತು ಮಾತಿನ ವಿಶೇಷ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು.